ತಾತನ ಮೇಲ್‌ಬಾಕ್ಸ್ ರಿಪೇರಿ: ಮೊಹರು ಬಿದ್ದ ಕಾಗದಗಳು ಎಲ್ಲಿ ಹೋದವು?

ತೊಂದರೆ ಏನು

ತಾತನ ದೂರು ಎರಡು. ನಕ್ಷತ್ರ ನೋಡುವವರ ಬಳಗವೊಂದು ತಿಂಗಳಿಗೊಮ್ಮೆ ಕಳಿಸುವ ಪತ್ರಿಕೆ ಮೇಲ್‌ನಲ್ಲಿ ಬರುತ್ತದೆ. ಅದರಲ್ಲಿ ಈಗ ಚಿತ್ರಗಳೇ ಕಾಣುತ್ತಿಲ್ಲ, ಬರೀ ಖಾಲಿ ಚೌಕಗಳು. ಅದಕ್ಕಿಂತ ಅವರನ್ನು ಜಾಸ್ತಿ ಕಾಡುತ್ತಿದ್ದದ್ದು ಎರಡನೆಯದು. ಹಳೆಯ ಕಾಗದಗಳು ಒಂದೊಂದಾಗಿ ಮಾಯವಾಗುತ್ತಿದ್ದವು.

"ನಿನ್ನೆ ಇದ್ದದ್ದು ಇವತ್ತಿಲ್ಲಮ್ಮ. ನಾನೇನೂ ಅಳಿಸಿಲ್ಲ," ಎಂದರು.

ಅವರ ಮಾತನ್ನು ನಾನು ಹಾಗೇ ನಂಬಿದೆ. ತಾತ ಕೆಲಸದಲ್ಲಿ ಇದ್ದಷ್ಟು ಕಾಲವೂ ಅಂಚೆಯಲ್ಲಿ ಕಾಗದ ವಿಂಗಡಿಸಿದವರು. ಒಂದು ಕಾಗದ ಕೈಗೆ ಬಂದರೆ ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಬಲ್ಲರು. ಅಂಥವರು "ಅಳಿಸಿಲ್ಲ" ಎಂದರೆ ಅಳಿಸುತ್ತಿರುವುದು ಬೇರೆ ಏನೋ ಇರಬೇಕು.

ಹುಡುಕಾಟ

ಮೊದಲು ಜಾಗ ನೋಡಿದೆ. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವುದು 15 ಜಿಬಿ. ಅದು ತುಂಬಿದರೆ ಹೊಸ ಮೇಲ್ ಬರುವುದು ನಿಲ್ಲುತ್ತದೆ, ಹಳೆಯದು ಮಾಯವಾಗುವುದಿಲ್ಲ. ತಾತನ ಡಬ್ಬಿಯಲ್ಲಿ ಕಾಲು ಭಾಗವೂ ತುಂಬಿರಲಿಲ್ಲ. ಆಮೇಲೆ Trash ನೋಡಿದೆ. ಅಲ್ಲಿ ಜಾಹೀರಾತುಗಳು ಬಿಟ್ಟರೆ ಏನಿಲ್ಲ. ಇನ್ನೊಂದು ಅನುಮಾನವೂ ಇತ್ತು. ಯಾವುದಾದರೂ ಹಳೆಯ ಕಂಪ್ಯೂಟರಿನ ಪ್ರೋಗ್ರಾಂ ಪಾಪ್ ಮೂಲಕ ಮೇಲ್ ಇಳಿಸಿಕೊಂಡು ಸರ್ವರ್‌ನಲ್ಲಿ ಅಳಿಸುತ್ತಿರಬಹುದು. ಅದೂ ಅಲ್ಲ, ಸೆಟ್ಟಿಂಗ್ಸ್‌ನಲ್ಲಿ ಪಾಪ್ ಆಫ್ ಆಗಿತ್ತು. ಚಿತ್ರಗಳ ಸೆಟ್ಟಿಂಗ್ ಕೂಡ ಸರಿಯಾಗೇ ಇತ್ತು. ಹೊರಗಿನ ಚಿತ್ರಗಳನ್ನು ಯಾವಾಗಲೂ ತೋರಿಸು ಎನ್ನುವ ಕಡೆಯೇ ಗುರುತು ಬಿದ್ದಿತ್ತು.

ಸೆಟ್ಟಿಂಗ್ ಎಲ್ಲ ಸರಿಯಿದ್ದು ತೊಂದರೆ ಮುಂದುವರಿದರೆ, ಬಳಸುವವರು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ನಾನು ಮೌಸ್ ಅವರ ಕೈಗೆ ಕೊಟ್ಟು, "ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ ತಾತ, ನಾನು ಮಾತಾಡಲ್ಲ," ಎಂದೆ.

ತಾತ ಅತ್ತೆಯ ಮೇಲ್ ತೆಗೆದರು. ನಿಧಾನವಾಗಿ ಓದಿದರು. ಉತ್ತರ ಬರೆದು ಕಳಿಸಿದರು. ಪಟ್ಟಿಗೆ ವಾಪಸ್ ಬಂದು ಅದೇ ಮೇಲ್‌ನ ಪಕ್ಕದ ಚೌಕದಲ್ಲಿ ಗುರುತು ಹಾಕಿದರು. ಮೇಲಿನ ಸಾಲಿನಲ್ಲಿ ಎಂಟು ಮೂಲೆಯ ಒಂದು ಚಿತ್ರ ಇದೆ, ನಡುವೆ ಆಶ್ಚರ್ಯಸೂಚಕ. ಅದನ್ನು ಒತ್ತಿದರು. ಮೇಲ್ ಪಟ್ಟಿಯಿಂದ ಹೋಯಿತು.

ಸುಮ್ಮನಿರಲು ಆಗಲಿಲ್ಲ. "ಈಗ ಏನು ಮಾಡಿದ್ರಿ ತಾತ?"

"ಮೊಹರು ಹಾಕಿದೆ."

"ಮೊಹರಾ?"

"ಹೂಂ. ಓದಿ, ಉತ್ತರ ಬರೆದು ಆಯಿತಲ್ಲ. ಇನ್ನು ಇದು ಜೋಪಾನವಾಗಿ ಇರಬೇಕಾದ ಕಾಗದ." ಎಡಗಡೆಯ ಪಟ್ಟಿಯ ಮೇಲೆ ಬೆರಳಿಟ್ಟರು. "ನೋಡು, ಇಲ್ಲೇ ಬರೆದಿದೆಯಲ್ಲ, ಸ್ಟ್ಯಾಂಪ್ ಅಂತ."

ಅವರ ಬೆರಳಿನ ಕೆಳಗೆ ಇದ್ದದ್ದು Spam.

ಯಾಕೆ ಹೀಗೆ ಓದಿದರು

ಆ ಪಟ್ಟಿಯ ಅಕ್ಷರ ಚಿಕ್ಕದು, ಬಣ್ಣ ತೆಳು. ತಾತನ ಕನ್ನಡಕದಲ್ಲಿ ಹತ್ತಿರ ಓದುವ ಭಾಗ ಕೆಳಗಿದೆ, ಪರದೆ ಇರುವುದು ಕಣ್ಣಿನ ನೇರಕ್ಕೆ. ಆದರೆ ಕಾರಣ ಬರೀ ಕಣ್ಣಲ್ಲ. ಸ್ಪ್ಯಾಮ್ ಎನ್ನುವ ಪದ ಅವರಿಗೆ ಗೊತ್ತೇ ಇರಲಿಲ್ಲ. ಓದುವಾಗ ನಾವು ಒಂದೊಂದೇ ಅಕ್ಷರ ಕೂಡಿಸುತ್ತಾ ಕೂರುವುದಿಲ್ಲ, ಗೊತ್ತಿರುವ ಪದವನ್ನು ಥಟ್ಟನೆ ಗುರುತು ಹಿಡಿಯುತ್ತೇವೆ. ಗೊತ್ತಿಲ್ಲದ ಪದ ಸಿಕ್ಕರೆ ಅದಕ್ಕೆ ಹತ್ತಿರದ, ಗೊತ್ತಿರುವ ಪದ ತಾನಾಗಿ ಬಂದು ಕೂರಬಹುದು. ಅಂಚೆಯಲ್ಲಿ ಬಾಳು ಕಳೆದವರಿಗೆ, ಕಾಗದಗಳ ಪಟ್ಟಿಯ ನಡುವೆ ಬೇರೆ ಯಾವ ಪದ ಬರಬೇಕು? ಆ ಎಂಟು ಮೂಲೆಯ ಚಿತ್ರವೂ ಸೀಲ್ ಒತ್ತಿದ ಹಾಗೇ ಇದೆ. ಅದು ಅವರ ಓದನ್ನು ಇನ್ನಷ್ಟು ಗಟ್ಟಿ ಮಾಡಿತು.

ಮುಂದಿನ ಮಾತು ಕೇಳಿ ನನಗೆ ಎಲ್ಲವೂ ಅರ್ಥವಾಯಿತು.

"ಈಗೀಗ ನಿಮ್ಮ ಕಾಗದಗಳಿಗೆ ನಾನು ಹಾಕೋದೇ ಬೇಡ. ಬರುವಾಗಲೇ ಸ್ಟ್ಯಾಂಪ್ ಆಗಿ ಬರುತ್ತವೆ. ಗುರುತಿಲ್ಲದವರದ್ದೂ ಕೆಲವು ಹಾಗೇ ಬರುತ್ತವೆ. ಆಫೀಸಿನ ಕಾಗದ ಇರಬೇಕು ಅಂತ ಅವನ್ನೂ ಓದ್ತೀನಿ."

ಆ ಬಟನ್ ಒತ್ತಿದರೂ ಅಷ್ಟೇ, ಮೇಲ್ ಅನ್ನು ಎಳೆದು Spam ಒಳಗೆ ಹಾಕಿದರೂ ಅಷ್ಟೇ. ಎರಡನ್ನೂ ಜಿಮೇಲ್ ದೂರು ಎಂದೇ ತಿಳಿಯುತ್ತದೆ. ಆ ಮೇಲ್‌ನ ಒಂದು ಪ್ರತಿ ಗೂಗಲ್‌ನವರಿಗೆ ಹೋಗುತ್ತದೆ, ಮುಂದೆ ಅದೇ ವಿಳಾಸದಿಂದ ಬಂದದ್ದು ತಾನಾಗಿ ಅಲ್ಲಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ. ತಾತ ಪ್ರೀತಿಯಿಂದ ಮೊಹರು ಹಾಕಿದಷ್ಟೂ ಫಿಲ್ಟರ್ ನಮ್ಮನ್ನೆಲ್ಲ ಬೇಡದವರು ಎಂದು ಕಲಿತಿತ್ತು. ಅದಕ್ಕೇ ನಮ್ಮ ಕಾಗದಗಳು ನೇರವಾಗಿ ಅಲ್ಲಿಗೇ ಹೋಗುತ್ತಿದ್ದವು. ಆ ಫೋಲ್ಡರ್‌ನಲ್ಲಿ ಇರುವ ಮೇಲ್‌ಗೆ ಜಿಮೇಲ್ ಹೊರಗಿನ ಚಿತ್ರಗಳನ್ನು ತೋರಿಸುವುದಿಲ್ಲ. ಪತ್ರಿಕೆಯ ಖಾಲಿ ಚೌಕಗಳಿಗೆ ಕಾರಣ ಅದು. ಇನ್ನು ಮಾಯವಾಗುವ ಕಾಗದಗಳ ವಿಷಯ. ಫೋಲ್ಡರ್‌ನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದೇ ಇದೆ: ಇಲ್ಲಿ 30 ದಿನಕ್ಕಿಂತ ಹೆಚ್ಚು ಇದ್ದದ್ದು ತಾನಾಗಿ ಅಳಿಸಿಹೋಗುತ್ತದೆ.

ತಾತನಿಗೆ ಇದನ್ನು ಸುತ್ತಿ ಬಳಸದೆ ಹೇಳಿದೆ. ಅದು ಸ್ಟ್ಯಾಂಪ್ ಅಲ್ಲ, ಸ್ಪ್ಯಾಮ್. ಬೇಡದ ಮೇಲ್ ಹಾಕುವ ಚೀಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಪರದೆಗೆ ಮುಖ ಹತ್ತಿರ ತಂದು ಅಕ್ಷರ ಅಕ್ಷರ ಓದಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ದಿನ ಇಟ್ಟುಕೊಳ್ಳುತ್ತಾರೆ?"

"30 ದಿನ ತಾತ."

"ಹಾಗಾದರೆ ಮಾತು ಆಮೇಲೆ. ಅವಧಿ ಮುಗಿಯುತ್ತಿರುವುದನ್ನು ಮೊದಲು ತೆಗಿ."

ಮೊದಲು ಉಳಿಸುವ ಕೆಲಸ

ಅವರು ಹೇಳಿದ ಕ್ರಮವೇ ಸರಿ. ಆದರೆ ಅದರಲ್ಲಿ ಒಂದು ತೊಡಕಿದೆ. 30 ದಿನದ ಲೆಕ್ಕ ಶುರುವಾಗುವುದು ಮೇಲ್ ಬಂದ ದಿನದಿಂದಲ್ಲ, ಅದು ಆ ಫೋಲ್ಡರ್‌ಗೆ ಹೋದ ದಿನದಿಂದ. ಪಟ್ಟಿಯಲ್ಲಿ ಕಾಣುವುದು ಮಾತ್ರ ಮೇಲ್ ಬಂದ ತಾರೀಖು. ಹಾಗಾಗಿ ಯಾವುದರ ಅವಧಿ ನಾಳೆ ಮುಗಿಯುತ್ತದೆ ಎಂದು ಪಟ್ಟಿ ನೋಡಿ ಹೇಳಲಾಗುವುದಿಲ್ಲ.

ಇದೇ ತೊಡಕು ಇನ್ನೊಂದು ಕಡೆಯಿಂದ ಉಪಯೋಗಕ್ಕೆ ಬರುತ್ತದೆ. ಫಿಲ್ಟರ್ ತಾನಾಗಿ ಹಾಕಿದ ಮೇಲ್ ಬಂದ ದಿನವೇ ಅಲ್ಲಿಗೆ ಬಿದ್ದಿರುತ್ತದೆ, 30 ದಿನ ದಾಟಿದರೆ ಉಳಿದಿರುವುದಿಲ್ಲ. ಅಂದ ಮೇಲೆ, 30 ದಿನಕ್ಕಿಂತ ಹಳೆಯ ತಾರೀಖಿನ ಮೇಲ್ ಇನ್ನೂ ಆ ಫೋಲ್ಡರ್‌ನಲ್ಲಿ ಇದೆ ಎಂದರೆ ಅದನ್ನು ಯಾರೋ ಕೈಯಾರೆ ತಂದು ಹಾಕಿದ್ದಾರೆ. ತಾತನ ಮೊಹರು ಬಿದ್ದದ್ದು ಅದೇ. ಹುಡುಕುವ ಜಾಗದಲ್ಲಿ ಹೀಗೆ ಬರೆದೆ:

```
in:spam older_than:30d
```

ನಲವತ್ತೊಂದು ಮೇಲ್ ಬಂದವು. ಒಂದೂ ಕಸವಲ್ಲ. ಅತ್ತೆಯದು, ನನ್ನದು, ಡಾಕ್ಟರ ಕಡೆಯ ವರದಿ, ಎಲ್ಲಕ್ಕಿಂತ ಹೆಚ್ಚಾಗಿ ತಾತನ ಹಳೆಯ ಗೆಳೆಯರ ಕಾಗದಗಳು. ಪಟ್ಟಿಯ ಮೇಲಿನ ಚೌಕದಲ್ಲಿ ಗುರುತು ಹಾಕಿ ಅಷ್ಟನ್ನೂ ಆರಿಸಿ, Not spam ಒತ್ತಿದೆ. ಎಲ್ಲವೂ ಇನ್‌ಬಾಕ್ಸ್‌ಗೆ ಬಂದವು. ಸುಮ್ಮನೆ ಎಳೆದು ತರುವುದಕ್ಕಿಂತ ಈ ಬಟನ್ ಒತ್ತುವುದು ಒಳ್ಳೆಯದು. ತಪ್ಪು ಕಲಿತದ್ದನ್ನು ಬಿಡು ಎಂದು ಫಿಲ್ಟರ್‌ಗೆ ಇದರಿಂದ ಸ್ಪಷ್ಟವಾಗಿ ತಿಳಿಯುತ್ತದೆ.

ಈ ಹೊತ್ತಿನಲ್ಲಿ ಒಂದು ಎಚ್ಚರ ಇರಲಿ. ಆ ಫೋಲ್ಡರ್‌ನ ಮೇಲ್ಗಡೆಯೇ Delete all spam messages now ಎಂಬ ಲಿಂಕ್ ಇದೆ. ಉಳಿಸುವ ಕೆಲಸ ಮುಗಿಯುವ ತನಕ ಮೌಸ್ ಆ ಕಡೆ ಹೋಗಬಾರದು.

ಉಳಿದದ್ದು 30 ದಿನದೊಳಗಿನ ಮೇಲ್‌ಗಳು. ಇಲ್ಲಿ ಮೂರು ಬಗೆ ಬೆರೆತಿರುತ್ತವೆ: ತಾತ ಹಾಕಿದ್ದು, ತಾತನಿಂದ ಕಲಿತು ಫಿಲ್ಟರ್ ಹಾಕಿದ್ದು, ನಿಜವಾದ ಕಸ. ಇದಕ್ಕೆ ಅಡ್ಡದಾರಿ ಇಲ್ಲ, ಒಂದೊಂದನ್ನೇ ತೆರೆಯಬೇಕು. ಆದರೆ ಮೇಲ್ ಪೂರ್ತಿ ಓದಬೇಕಾಗಿಲ್ಲ. ಪ್ರತಿ ಮೇಲ್‌ನ ತಲೆಯ ಮೇಲೆ Why is this message in spam? ಎಂಬ ಪಟ್ಟಿ ಇರುತ್ತದೆ, ಅದರ ಪಕ್ಕದಲ್ಲಿ ಕಾರಣ. You reported this message as spam from your inbox ಎಂದಿದ್ದರೆ ಅದು ತಾತನ ಕೈ. ಹಿಂದೆ ಸ್ಪ್ಯಾಮ್ ಎಂದು ಗುರುತಿಸಿದ ಮೇಲ್‌ಗಳ ಹಾಗಿದೆ ಎಂಬ ಅರ್ಥದ ಮಾತಿದ್ದರೆ ಅದು ಫಿಲ್ಟರ್‌ನ ತೀರ್ಮಾನ. ಆಗ ಮಾತ್ರ ಕಳಿಸಿದವರ ವಿಳಾಸ ನೋಡಿ ನಾವು ತೀರ್ಮಾನ ಮಾಡಬೇಕು. ಅಪಾಯದ ಮೇಲ್ ಅನಿಸಿದರೆ ಪಟ್ಟಿ ಕೆಂಪಗಿರುತ್ತದೆ. ಅದನ್ನು ಮುಟ್ಟದೆ ಬಿಡಬೇಕು.

ತಾತ ಪಕ್ಕದಲ್ಲಿ ಕೂತು ಕಾರಣಗಳನ್ನು ಗಟ್ಟಿಯಾಗಿ ಓದುತ್ತಾ ಹೋದರು. ನಾನು ವಿಂಗಡಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಕೆಲಸ ಅದಲುಬದಲಾಯಿತು. ವಿಂಗಡಿಸುವುದರಲ್ಲಿ ಅವರ ಕೈ ನನಗಿಂತ ಚುರುಕು.

ಗುರುತಿಲ್ಲದವರ ಕಾಗದ

ನನಗೆ ಭಯ ಇದ್ದದ್ದು ಇಲ್ಲಿ. ಸ್ಟ್ಯಾಂಪ್ ಎಂದು ಓದಿದವರಿಗೆ ಆ ಫೋಲ್ಡರ್‌ನ ಪ್ರತಿ ಕಾಗದವೂ ನಂಬಬೇಕಾದ ಕಾಗದ. ಮೋಸದ ಮೇಲ್‌ಗಳಿಗೆ ಇದಕ್ಕಿಂತ ಒಳ್ಳೆಯ ಓದುಗ ಸಿಗುವುದಿಲ್ಲ. ಹಾಗಾಗಿ ಕಳಿಸಿದ ಮೇಲ್‌ಗಳನ್ನು ನೋಡಿದೆ:

```
in:sent newer_than:3m
```

ಗುರುತಿಲ್ಲದ ವಿಳಾಸ ಒಂದೇ ಒಂದು ಸಿಕ್ಕಿತು. ನಿಮ್ಮ ಮೇಲ್‌ಬಾಕ್ಸ್ ಮುಚ್ಚುತ್ತೇವೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಖಚಿತಪಡಿಸಿ ಎಂದು ಬಂದಿದ್ದ ಮೇಲ್‌ಗೆ ತಾತ ಉತ್ತರ ಬರೆದಿದ್ದರು. ತಮ್ಮ ಕಾಗದ ತಲುಪಿದೆ, ಅದರ ಸಂಖ್ಯೆ ಮತ್ತು ತಾರೀಖು ನಮೂದಿಸಿಲ್ಲ, ದಯವಿಟ್ಟು ತಿಳಿಸುವುದು.

"ಲಿಂಕ್ ಒತ್ತಿದ್ರಾ ತಾತ?"

"ಸಂಖ್ಯೆ ಇಲ್ಲದ ಕಾಗದದ ಮೇಲೆ ನಾನು ಯಾಕೆ ಏನಾದರೂ ಮಾಡಲಿ?"

ಆ ಹಳೆಯ ಅಭ್ಯಾಸವೇ ಅವರನ್ನು ಕಾಯಿತು. ಆದರೂ ನೋಡಬೇಕಾದದ್ದನ್ನು ನೋಡಿದೆ. ಮೇಲ್ ಪುಟದ ಕೆಳಗೆ ಬಲಗಡೆ Details ಎಂಬ ಸಣ್ಣ ಲಿಂಕ್ ಇದೆ. ಈಚೆಗೆ ಎಲ್ಲೆಲ್ಲಿಂದ ಲಾಗಿನ್ ಆಗಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಎಲ್ಲವೂ ಈ ಕಂಪ್ಯೂಟರ್, ತಾತನ ಫೋನ್, ಎರಡೇ. ಮೇಲ್ ಬೇರೆ ಕಡೆ ಫಾರ್ವರ್ಡ್ ಆಗುತ್ತಿಲ್ಲ, ನಮಗೆ ತಿಳಿಯದ ಫಿಲ್ಟರ್ ಇಲ್ಲ. ಒಳಗೆ ನುಗ್ಗಿದವರು ಸಾಮಾನ್ಯವಾಗಿ ಈ ಎರಡು ಜಾಗದಲ್ಲೇ ಕೈಯಾಡಿಸಿ ಹೋಗಿರುತ್ತಾರೆ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿದೆ. ಉತ್ತರ ಹೋದದ್ದರಿಂದ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ಕಳಿಸಿದವರಿಗೆ ತಿಳಿದಿದೆ. ಇನ್ನು ಸ್ವಲ್ಪ ಕಾಲ ಕಸ ಜಾಸ್ತಿ ಬರಬಹುದು ಎಂದು ತಾತನಿಗೆ ಹೇಳಿಟ್ಟೆ.

ಗೆಳೆಯರ ಕಾಗದಗಳು

ತಾತನ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರು ಕೊನೆಯ ವರ್ಷಗಳಲ್ಲಿ ದೂರದಲ್ಲಿದ್ದರು. ಇಬ್ಬರೂ ಮೇಲ್‌ನಲ್ಲೇ ಬರೆದುಕೊಳ್ಳುತ್ತಿದ್ದರು. ಆ ಗೆಳೆಯರು ತೀರಿಕೊಂಡಿದ್ದಾರೆ. ಅವರ ಕಾಗದಗಳು ಎಲ್ಲೂ ಹೋಗಬಾರದು ಎಂದು ತಾತ ತೀರಾ ಹಳೆಯದರಿಂದ ಶುರುಮಾಡಿ ದಿನಕ್ಕೆ ಒಂದಿಷ್ಟು ಮೊಹರು ಹಾಕುತ್ತಾ ಬಂದಿದ್ದರು. ಹಾಗಾಗಿ ಮೊದಲು ಮೊಹರು ಬಿದ್ದ ಹಳೆಯ ಕಾಗದಗಳೇ ಮೊದಲು ಅಳಿಸಿಹೋಗಿದ್ದವು. ಈಚಿನವು ಮಾತ್ರ ಆ ನಲವತ್ತೊಂದರಲ್ಲಿ ಸಿಕ್ಕಿದ್ದವು.

ಆ ಫೋಲ್ಡರ್‌ನಿಂದ ಅವಧಿ ಮುಗಿದು ಹೋದದ್ದು Trash ಗೆ ಹೋಗುವುದಿಲ್ಲ. ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಆದರೆ ತಾತ ಯಾವ ಕಾಗದಕ್ಕೂ ಉತ್ತರ ಬರೆಯದೆ ಬಿಟ್ಟವರಲ್ಲ. ಬರೆಯುವಾಗ ಯಾವಾಗಲೂ Reply ಒತ್ತಿಯೇ ಬರೆದಿದ್ದಾರೆ. ಹಾಗೆ ಬರೆದ ಉತ್ತರದ ಕೆಳಗೆ ಮೂಲ ಕಾಗದದ ಮಾತುಗಳು ಹಾಗೇ ಸೇರಿಕೊಂಡಿರುತ್ತವೆ.

```
in:sent to:geleya@example.com
```

ಇಲ್ಲಿ ಇನ್ನೊಂದು ವಿಷಯ ನಮಗೆ ಅನುಕೂಲವಾಯಿತು. ತಾತ ಮೊದಲಿನಿಂದಲೂ Conversation View ಆಫ್ ಮಾಡಿಸಿಕೊಂಡಿದ್ದರು. ಬಂದ ಕಾಗದ ಬೇರೆ, ಹೋದ ಕಾಗದ ಬೇರೆ ಇರಬೇಕು ಎನ್ನುವುದು ಅವರ ಕ್ರಮ. ಅದರಿಂದ ಮೊಹರು ಬಿದ್ದದ್ದು ಬಂದ ಕಾಗದಕ್ಕೆ ಮಾತ್ರ, ಅವರು ಬರೆದ ಉತ್ತರಗಳು ತಮ್ಮ ಜಾಗದಲ್ಲೇ ಉಳಿದಿದ್ದವು.

ಒಂದೊಂದು ಉತ್ತರ ತೆರೆದು, ಕೊನೆಯಲ್ಲಿ ಇರುವ ಮೂರು ಚುಕ್ಕಿ ಒತ್ತಿದರೆ ಗೆಳೆಯರ ಕಾಗದ ಬಿಚ್ಚಿಕೊಳ್ಳುತ್ತದೆ. ಮೊದಲನೆಯದು ತೆರೆದಾಗ ತಾತ ಪರದೆಯ ಹತ್ತಿರ ಬಾಗಿ, "ಇದೇ, ಇದೇ. ಕಾಲು ನೋವಿನ ವಿಷಯ ಬರೆದಿದ್ದ," ಎಂದರು. ಅವರಿಗೆ ಕಾಗದದ ಮೇಲೂ ಪ್ರತಿ ಬೇಕಿತ್ತು. ಪ್ರಿಂಟ್ ಕೊಟ್ಟರೆ ಗೆಳೆಯರ ಮಾತು ಇರಬೇಕಾದ ಜಾಗದಲ್ಲಿ [Quoted text hidden] ಎಂದು ಬಂತು. ಬಿಚ್ಚಿದ ಮಾತುಗಳನ್ನು ಆರಿಸಿ, ಕಾಪಿ ಮಾಡಿ, ಬೇರೆ ಡಾಕ್ಯುಮೆಂಟ್‌ನಲ್ಲಿ ತಾರೀಖಿನ ಸಮೇತ ಅಂಟಿಸಿ ಪ್ರಿಂಟ್ ತೆಗೆದೆ. ಗೆಳೆಯರು ಕಾಗದದ ಜೊತೆ ಲಗತ್ತಿಸಿದ್ದ ಫೋಟೋಗಳು ಮಾತ್ರ ಸಿಗಲಿಲ್ಲ. ಉತ್ತರ ಬರೆಯುವಾಗ ಲಗತ್ತು ಜೊತೆಗೆ ಹೋಗುವುದಿಲ್ಲ, ಮಾತು ಮಾತ್ರ ಹೋಗುತ್ತದೆ. ಇದನ್ನು ಹೇಳಿದಾಗ ತಾತ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ನಾನೂ ಮುಂದಿನ ಮೇಲ್ ತೆಗೆಯಲಿಲ್ಲ.

ಫಿಲ್ಟರ್‌ಗೆ ಮತ್ತೆ ಪಾಠ

Not spam ಒತ್ತಿದ ಮಾತ್ರಕ್ಕೆ ನಾಳೆಯಿಂದ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಅಷ್ಟೊಂದು ಸಲ ದೂರು ಹೋಗಿದೆ. ಹಾಗಾಗಿ ಮನೆಯವರ ವಿಳಾಸಗಳಿಗೆ ನೇರವಾದ ನಿಯಮ ಬರೆದೆ. ಸೆಟ್ಟಿಂಗ್ಸ್‌ನ Filters and Blocked Addresses ಒಳಗೆ ಹೊಸ ಫಿಲ್ಟರ್ ಮಾಡಿ, From ಜಾಗದಲ್ಲಿ ಪೂರ್ತಿ ವಿಳಾಸ ಹಾಕಿ, Never send it to Spam ಗೆ ಗುರುತು. ಅದೇ ಪುಟದಲ್ಲಿ ಬ್ಲಾಕ್ ಆದವರ ಪಟ್ಟಿಯೂ ಇದೆ. ಬ್ಲಾಕ್ ಆದವರ ಮೇಲ್ ಕೂಡ ಅದೇ ಚೀಲಕ್ಕೆ ಹೋಗುವುದರಿಂದ ಅದನ್ನೂ ನೋಡಿಕೊಂಡೆ, ಖಾಲಿ ಇತ್ತು.

ಈ ನಿಯಮವನ್ನು ಕೈ ಬಿಗಿ ಹಿಡಿದು ಬಳಸಬೇಕು. ಇದು ಕಾವಲುಗಾರನಿಗೆ, ಈ ಹೆಸರಿನವರನ್ನು ಕೇಳದೆ ಒಳಗೆ ಬಿಡು ಎಂದು ಹೇಳಿದ ಹಾಗೆ. ಯಾರಾದರೂ ಅದೇ ವಿಳಾಸದ ವೇಷ ಹಾಕಿ ಬಂದರೂ ದಾರಿ ಸಿಗಬಹುದು. ಅದಕ್ಕೆ ಅತ್ತೆ, ನಾನು, ತಾತನ ತಮ್ಮ, ಇಷ್ಟು ಜನಕ್ಕೆ ಮಾತ್ರ ಹಾಕಿದೆ. ಬ್ಯಾಂಕಿನ ವಿಳಾಸಕ್ಕೆ ಹಾಕಲಿಲ್ಲ. ಮೋಸ ಮಾಡುವವರು ಮೊದಲು ಹಾಕುವ ವೇಷವೇ ಅದು. ಬ್ಯಾಂಕಿನ ಮೇಲ್ ತಪ್ಪಿ ಬಿದ್ದರೆ Not spam ಒತ್ತಿದರೆ ಸಾಕು. ಅದಕ್ಕೂ ಮೊದಲು ಮೂರು ಚುಕ್ಕಿಯೊಳಗೆ Show original ತೆರೆದು, ಕಳಿಸಿದವರ ಗುರುತು ಪರೀಕ್ಷಿಸುವ SPF, DKIM, DMARC ಮೂರರ ಮುಂದೆಯೂ PASS ಇದೆಯಾ, ವಿಳಾಸ ನಿಜಕ್ಕೂ ಬ್ಯಾಂಕಿನದೇನಾ ಎಂದು ಎರಡನ್ನೂ ನೋಡಬೇಕು. ಮೋಸದವರು ತಮ್ಮದೇ ಹೆಸರಿನಿಂದ ಕಳಿಸಿದರೂ PASS ಬರುತ್ತದೆ. ಹಾಗಾಗಿ PASS ಒಂದನ್ನೇ ನಂಬಬಾರದು.

ಮೊಹರು ಬೇಕಿದ್ದವರಿಗೆ ಮೊಹರು

ಕನ್ನಡದಲ್ಲಿ ಇದ್ದರೆ ಓದುವುದು ಸುಲಭ ಅಲ್ವಾ ಎಂದು ಭಾಷೆ ಬದಲಿಸಿ ನೋಡಿದೆವು. ಪಟ್ಟಿಯಲ್ಲಿ ಸ್ಪ್ಯಾಮ್ ಎಂದು ಬಂತು. ಸ್ಪ್ಯಾಮ್ ಮತ್ತು ಸ್ಟ್ಯಾಂಪ್ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಮೊದಲು ಕಾಣುವ ವ್ಯತ್ಯಾಸ ಒಂದು ಒತ್ತಕ್ಷರ. ಪದದಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿ ಮೂಡುವುದೂ ಅದೇ. ತಾತನಿಗೆ ಇದು ಇಂಗ್ಲಿಷ್‌ಗಿಂತ ಕಷ್ಟವಾಯಿತು. ವಾಪಸ್ ಬಂದೆವು.

ಆಮೇಲೆ ಸೆಟ್ಟಿಂಗ್ಸ್‌ನ Labels ಪುಟದಲ್ಲಿ Spam ಮುಂದೆ hide ಒತ್ತಿದೆ. ಎಡಗಡೆಯಿಂದ ಆ ಪದವೇ ಹೋಯಿತು. ತಾತ ಒಪ್ಪಲಿಲ್ಲ.

"ಒಳ್ಳೆಯ ಕಾಗದ ತಪ್ಪಿ ಅಲ್ಲಿಗೆ ಬೀಳುವುದು ಉಂಟೋ ಇಲ್ಲವೋ?"

"ಉಂಟು ತಾತ. ಯಾವ ಫಿಲ್ಟರ್‌ಗೂ ತಪ್ಪುತ್ತದೆ."

"ಹಾಗಾದರೆ ಆ ಚೀಲ ನನ್ನ ಕಣ್ಣ ಮುಂದೆ ಇರಲಿ. ತಲುಪದ ಕಾಗದದ ಚೀಲವನ್ನು ನಾವು ಯಾವತ್ತೂ ಬಿಚ್ಚದೆ ಬಿಟ್ಟವರಲ್ಲ."

ಮತ್ತೆ show ಮಾಡಿದೆ. ಅವರು ಹೇಳಿದ್ದು ನ್ಯಾಯ. ಅಲ್ಲದೆ, ತಪ್ಪು ಓದಿಗೆ ಬೇರು ಇದ್ದದ್ದು ಬೇರೆ ಕಡೆ. ತಾತ ಆ ಪಟ್ಟಿಯಲ್ಲಿ ಮೊಹರನ್ನು ಹುಡುಕುತ್ತಿದ್ದರು. ಮುಗಿದ ಕಾಗದಕ್ಕೆ ಗುರುತು ಹಾಕಿ ಜೋಪಾನ ಮಾಡುವ ಜಾಗ ಅವರಿಗೆ ಬೇಕಿತ್ತು. ಅದು ಇರಲಿಲ್ಲ, ಹತ್ತಿರದ ಪದ ಆ ಜಾಗ ತುಂಬಿತು. ಅವರಿಗೆ ಬೇಕಾದದ್ದನ್ನೇ ಮಾಡಿಕೊಟ್ಟರೆ Spam ಅನ್ನು ಹಾಗೆ ಓದುವ ಕಾರಣವೇ ಹೋಗುತ್ತದೆ.

ಹೊಸ ಲೇಬಲ್ ಮಾಡಿದೆ. ಹೆಸರು ಕನ್ನಡದಲ್ಲೇ: ಮೊಹರು. ಬಣ್ಣ ಕೆಂಪು. ಇಂಗ್ಲಿಷ್ ಪಟ್ಟಿಯಲ್ಲಿ ಅದೊಂದೇ ಕನ್ನಡ ಪದ, ದೂರದಿಂದಲೂ ಕಾಣುತ್ತದೆ. ಲೇಬಲ್ ಹಾಕಿದರೆ ಮೇಲ್ ಎಲ್ಲಿಗೂ ಹೋಗುವುದಿಲ್ಲ, ಇದ್ದ ಜಾಗದಲ್ಲೇ ಗುರುತು ಬೀಳುತ್ತದೆ. ಅವಧಿಯೂ ಇಲ್ಲ. ಹಾಕುವ ವಿಧಾನ ತಾತನಿಗೆ ತುಂಬಾ ಹಿಡಿಸಿತು. ಎಡಗಡೆಯ ಮೊಹರು ಎಂಬ ಪದವನ್ನು ಮೌಸ್‌ನಲ್ಲಿ ಹಿಡಿದು ಎಳೆದು ತಂದು ಮೇಲ್‌ನ ಮೇಲೆ ಬಿಟ್ಟರೆ ಆಯಿತು. ಮೊದಲ ಸಲ ಬಿಟ್ಟಾಗ ಕೆಂಪು ಗುರುತು ಮೂಡಿದ್ದನ್ನು ನೋಡಿ, ಗೆಳೆಯರ ಕಾಗದಗಳಿಗೆಲ್ಲ ಒಂದೇ ಕೂರುವಿಕೆಯಲ್ಲಿ ಹಾಕಿದರು. ಆ ಮಾತುಗಳನ್ನು ಹೊತ್ತ ತಮ್ಮ ಉತ್ತರಗಳಿಗೂ ಹಾಕಿದರು.

ಉಳಿದದ್ದು ಸಣ್ಣ ಕೆಲಸ. ಬ್ರೌಸರ್ ಜೂಮ್ 150. ಸೆಟ್ಟಿಂಗ್ಸ್‌ನಲ್ಲಿ Button labels ಅನ್ನು Text ಗೆ ಬದಲಿಸಿದೆ. ಆಗ ಎಂಟು ಮೂಲೆಯ ಸೀಲ್ ಹೋಗಿ Report spam ಎಂಬ ಮಾತು ಬರುತ್ತದೆ. "ರಿಪೋರ್ಟ್ ಅಂದರೆ ದೂರು ಬರೆಯುವುದು. ಅದು ನನಗೆ ಗೊತ್ತು," ಎಂದರು ತಾತ. ಕೀಬೋರ್ಡ್ ಶಾರ್ಟ್‌ಕಟ್ ಆಫ್ ಇದೆಯಾ ಎಂದೂ ನೋಡಿದೆ. ಆನ್ ಇದ್ದರೆ ಬರೀ `!` ಒತ್ತಿದರೂ ದೂರು ಹೋಗುತ್ತದೆ.

ಬಾರದ ಪತ್ರಿಕೆ

ಎಲ್ಲ ಸರಿಹೋಯಿತು ಎನ್ನುವಾಗ ನಕ್ಷತ್ರದ ಪತ್ರಿಕೆಯ ಮುಂದಿನ ಸಂಚಿಕೆ ಬರಲಿಲ್ಲ. ಇನ್‌ಬಾಕ್ಸ್‌ನಲ್ಲಿಲ್ಲ, ಚೀಲದಲ್ಲೂ ಇಲ್ಲ. ಸ್ಪ್ಯಾಮ್, ಟ್ರ್ಯಾಶ್ ಎರಡನ್ನೂ ಸೇರಿಸಿ ಹುಡುಕುವ `in:anywhere` ಹಾಕಿದರೂ ಹಳೆಯದೇ ಬಂತು.

ತಾತನನ್ನು ಕೇಳಿದೆ: ಆ ಪತ್ರಿಕೆಗೆ ಮೊಹರು ಹಾಕುವಾಗ ಬೇರೆ ಏನಾದರೂ ಕೇಳಿತ್ತಾ? "ಹೂಂ, ಒಂದು ಸಣ್ಣ ಪೆಟ್ಟಿಗೆ ಬಂತು. ಎರಡು ಬಟನ್ ಇತ್ತು. ಉದ್ದ ಇದ್ದದ್ದನ್ನು ಒತ್ತಿದೆ."

ಉದ್ದ ಇದ್ದದ್ದು Report spam & unsubscribe. ಒಂದೇ ಸಲ ಹಲವರಿಗೆ ಹೋಗುವ ಮೇಲ್‌ಗಳಲ್ಲಿ ಚಂದಾ ನಿಲ್ಲಿಸುವ ವಿಳಾಸ ಹೆಡರ್‌ನಲ್ಲೇ ಇರುತ್ತದೆ, List-Unsubscribe ಎಂಬ ಹೆಸರಿನಲ್ಲಿ. ಆ ಬಟನ್ ಒತ್ತಿದಾಗ ತಾತನ ಪರವಾಗಿ, ಇನ್ನು ಕಳಿಸಬೇಡಿ ಎಂಬ ಕೋರಿಕೆ ಬಳಗಕ್ಕೆ ಹೋಗಿದೆ. ಅವರು ಮರ್ಯಾದೆಯಿಂದ ನಿಲ್ಲಿಸಿದ್ದಾರೆ. ಇಲ್ಲಿ ನಾವು ಫಿಲ್ಟರ್‌ಗೆ ಎಷ್ಟೇ ಪಾಠ ಹೇಳಿದರೂ ಏನೂ ಆಗುವುದಿಲ್ಲ, ಮೇಲ್ ಹೊರಡುತ್ತಲೇ ಇಲ್ಲ. ಗುರುತು ಹಿಡಿಯುವುದು ಹೀಗೆ: ಫಿಲ್ಟರ್‌ನ ತಪ್ಪಾದರೆ ಮೇಲ್ ಎಲ್ಲೋ ಒಂದು ಕಡೆ ಇರುತ್ತದೆ. ಎಲ್ಲೂ ಇಲ್ಲ ಎಂದರೆ ಚಂದಾ ನಿಂತಿದೆಯಾ ನೋಡಬೇಕು.

ಬಳಗದ ಪುಟದಲ್ಲಿ ತಾತ ಮತ್ತೆ ತಮ್ಮ ವಿಳಾಸ ಹಾಕಿದರು. ಖಚಿತಪಡಿಸುವ ಮೇಲ್ ಕಳಿಸಿದ್ದೇವೆ ಎಂದು ಬಂತು. ಇನ್‌ಬಾಕ್ಸ್‌ಗೆ ಏನೂ ಬರಲಿಲ್ಲ. ನಾನು ವಿಳಾಸ ತಪ್ಪಾಯಿತೇನೋ ಎಂದು ಆ ಪುಟಕ್ಕೆ ವಾಪಸ್ ಹೋಗುವಷ್ಟರಲ್ಲಿ ತಾತ ಮೌಸ್ ತೆಗೆದುಕೊಂಡು Spam ತೆರೆದಿದ್ದರು. ಅದು ಅಲ್ಲಿ ಬಿದ್ದಿತ್ತು. ಮೇಲಿನ ಪಟ್ಟಿಯ ಕಾರಣವನ್ನು ಗಟ್ಟಿಯಾಗಿ ಓದಿದರು. ಕಳಿಸಿದವರ ವಿಳಾಸವನ್ನು ಹಳೆಯ ಸಂಚಿಕೆಯ ಜೊತೆ ತಾಳೆ ನೋಡಿದರು.

"ಹೆಸರು ಬೇರೆ ಇದೆ. ಆದರೆ ಆಟ್ ಗುರುತಿನ ಆಚೆಗಿನದು ಅದೇ."

Not spam ಒತ್ತಿ, ಇನ್‌ಬಾಕ್ಸ್‌ಗೆ ಬಂದ ಮೇಲೆ ಖಚಿತಪಡಿಸುವ ಲಿಂಕ್ ಒತ್ತಿದರು. ಖಚಿತಪಡಿಸುವ ಮೇಲ್ ಒಂದು ವಿಳಾಸದಿಂದ, ಸಂಚಿಕೆ ಇನ್ನೊಂದು ವಿಳಾಸದಿಂದ ಬರುವುದರಿಂದ ಫಿಲ್ಟರ್ ನಿಯಮವನ್ನು ಈಗಲೇ ಬರೆದಿಲ್ಲ. ಸಂಚಿಕೆ ಬಂದಾಗ From ನೋಡಿ ತಾತನೇ ಬರೆಯುತ್ತಾರೆ. ಹೇಗೆ ಎನ್ನುವುದನ್ನು ತಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದಾರೆ, ಕೆಳಗೆ ಸಂಖ್ಯೆ ಮತ್ತು ತಾರೀಖು ಹಾಕಿ.